ಅಂಗಡಿ ಕಟ್ಟೆಯ ಮೇಲೆ ಸಿಕ್ಕ ಭಾಷೆ

ಭಾಷೆಯ ವಿಷಯಕ್ಕೆ ಬಂದರೆ ನನಗೆ ಬೇಗ ಸಿಟ್ಟು ಬರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕುಳಿತಾಗ ಯಾರಾದರೂ "ನಮ್ಮ ಬೆಳಗಾವಿ ಕನ್ನಡ ಅಂದ್ರ ಎಲ್ಲಾ ಕಲಬೆರಕಿ" ಎಂದು ನಕ್ಕರೆ ಸಾಕು, ಬಾಯಿಗಿಟ್ಟ ತುತ್ತು ಹಾಗೇ ಬಿಟ್ಟು ಜಗಳಕ್ಕೆ ಇಳಿಯುತ್ತೇನೆ. ನನ್ನ ತಂಗಿ ಈಗೀಗ ನನ್ನನ್ನು ಪಂಕ್ತಿಯ ಕೊನೆಗೆ, ಮಾತು ಕಡಿಮೆ ಇರುವ ಮುದುಕಿಯರ ಪಕ್ಕದಲ್ಲಿ ಕೂರಿಸುತ್ತಾಳೆ. ಮೂವತ್ತು ವರ್ಷ ಭಾಷಾವಿಜ್ಞಾನ ಕಲಿಸಿದವಳು ನಾನು. ಬೇರೆಯವರ ತಪ್ಪನ್ನು ಎತ್ತಿ ಹೇಳುವುದು ಒಂದು ಚಟವಾಗಿ ಬಿಟ್ಟಿದೆ. ನನ್ನ ತಪ್ಪನ್ನು ಎತ್ತಿ ಹೇಳಲು ಮಾತ್ರ ಜಾಂಬೋಟಿಯ ಆಚೆಯಿಂದ ಒಬ್ಬ ಹುಡುಗಿ ಬರಬೇಕಾಯಿತು.

ಅವಳು ಎಂ.ಎ. ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಮಾತು ಕಡಿಮೆ. ಜಾಂಬೋಟಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿನಲ್ಲಿ ಹತ್ತಿಪ್ಪತ್ತು ಮನೆಗಳ ವಾಡಿ ಅವಳದು. ದನ ಎಮ್ಮೆ ಕಾಯುವ, ಸ್ವಲ್ಪ ಭತ್ತ ಬೆಳೆಯುವ, ಬೆಣ್ಣೆ, ಜೇನು, ಸೀಗೆಕಾಯಿ ಹೊತ್ತು ಖಾನಾಪುರದ ಸಂತೆಗೆ ಇಳಿಯುವ ಜನ. ಆ ವಾಡಿಯಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲಿಗಳು.

ಪಿಜಿನ್ ಎಂದರೇನು, ಕ್ರಿಯೋಲ್ ಎಂದರೇನು ಎಂಬ ಪಾಠವನ್ನು ನಾನು ಪ್ರತಿ ವರ್ಷ ಆಟೋ ನಗರದಲ್ಲಿ ಶುರು ಮಾಡುತ್ತಿದ್ದೆ. ವಿದ್ಯಾರ್ಥಿಗಳನ್ನು ಟೆಂಪೊದಲ್ಲಿ ತುಂಬಿಕೊಂಡು ಪರಿಚಯದ ಒಂದು ಗ್ಯಾರೇಜಿಗೆ ಹೋಗುವುದು. ಅಲ್ಲಿ ಮಾಲೀಕ ನಮ್ಮ ಕನ್ನಡದವನು, ವೆಲ್ಡಿಂಗ್ ಮಾಡುವವನು ಬಿಹಾರದವನು, ಲೇಥಿನ ಮೇಲಿರುವವನು ತಮಿಳಿನವನು, ಬಣ್ಣ ಹೊಡೆಯುವವನ ಮನೆಮಾತು ಮರಾಠಿ. ಒಬ್ಬರ ಮಾತು ಒಬ್ಬರಿಗೆ ಪೂರ್ತಿ ಬಾರದು. ಆದರೂ ಗಾಡಿ ರಿಪೇರಿ ಆಗುತ್ತದೆ. "ಇದ ನಿಕಾಲ್, ಅದ ಲಗಾವ್, ಆಮೇಲೆ ಟೈಟ್" ಎಂಬಷ್ಟರಲ್ಲಿ ದಿನ ಕಳೆಯುತ್ತದೆ. ನೂರಿನ್ನೂರು ಪದ, ವ್ಯಾಕರಣ ಇಲ್ಲವೆನ್ನುವಷ್ಟು ಕಡಿಮೆ. ಇದು ಇನ್ನೂ ಪಿಜಿನ್ ಕೂಡ ಆಗಿಲ್ಲ, ಪಿಜಿನ್ ಆಗಬೇಕಾದರೆ ಅದಕ್ಕೂ ಒಂದು ಕಟ್ಟು ಬೀಳಬೇಕು, ಹೀಗೆ ಹೇಳಿದರೆ ಸರಿ, ಹಾಗೆ ಹೇಳಿದರೆ ತಪ್ಪು ಎಂದು ಬಳಸುವವರಿಗೇ ಅನ್ನಿಸಬೇಕು; ಆದರೆ ದಾರಿ ಅದೇ, ಎಂದು ಹೇಳುತ್ತಿದ್ದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಜನ ವ್ಯವಹಾರಕ್ಕೆಂದು ಕಟ್ಟಿಕೊಂಡ ಮಾತು ಪಿಜಿನ್. ಅದು ಯಾರ ತಾಯ್ನುಡಿಯೂ ಅಲ್ಲ. ಸಂಜೆ ಮನೆಗೆ ಹೋದ ಮೇಲೆ ಈ ನಾಲ್ವರಲ್ಲಿ ಯಾರೂ ಈ ಮಾತಿನಲ್ಲಿ ಕೂಸನ್ನು ಮಲಗಿಸುವುದಿಲ್ಲ.

ಅದೇ ಮಾತಿನಲ್ಲಿ ಕೂಸು ಮಲಗಿಸುವ ದಿನ ಬಂದರೆ? ಮಕ್ಕಳು ಹುಟ್ಟಿದಾಗಿನಿಂದ ಅದನ್ನೇ ಕೇಳಿ, ಅದನ್ನೇ ಆಡಿ, ಅದರಲ್ಲೇ ಅತ್ತು ನಕ್ಕು ಬೆಳೆದರೆ? ಆಗ ಆ ಬಡ ಮಾತಿಗೆ ಮೈ ತುಂಬುತ್ತದೆ, ಮಕ್ಕಳೇ ಅದಕ್ಕೆ ವ್ಯಾಕರಣ ಹಾಕುತ್ತಾರೆ. ಅದು ಕ್ರಿಯೋಲ್. ಎಲ್ಲಾ ಕ್ರಿಯೋಲ್‌ಗಳೂ ಹೀಗೇ ಹುಟ್ಟಿದವೋ ಇಲ್ಲವೋ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಾರೆ, ಅದು ಬೇರೆ ಮಾತು. ಆದರೆ ಕ್ರಿಯೋಲ್ ಎಂಬುದು ಹರಕು ಭಾಷೆಯಲ್ಲ, ಉಳಿದ ಭಾಷೆಗಳಷ್ಟೇ ಪೂರ್ತಿ ಭಾಷೆ ಎಂಬುದರಲ್ಲಿ ಜಗಳವಿಲ್ಲ.

ಉಪಭಾಷೆ ಇವೆರಡರ ಸಾಲಿಗೆ ಸೇರುವುದೇ ಇಲ್ಲ. "ನಾವು 'ಮನಿ' ಅಂತೇವಿ, 'ಸಾಲಿ' ಅಂತೇವಿ, 'ಖರೇ' ಅಂತೇವಿ, 'ಬಾಜು' ಅಂತೇವಿ. ಮರಾಠಿ ಪದ ಎಷ್ಟರ ಸೇರ್ಲಿ, ನಮ್ಮ ಅಜ್ಜಿಯಿಂದ ಅವ್ವಗ, ಅವ್ವನಿಂದ ನನಗ ನಡುವ ಎಲ್ಲೂ ಕಡೀದಂಗ ಬಂದ ಮಾತಿದು. ಇದು ಕನ್ನಡದ ಉಪಭಾಷೆ, ಕಲಬೆರಕಿ ಅಲ್ಲ" ಎಂದು ಗ್ಯಾರೇಜಿನ ಸದ್ದಿಗೂ ಮೀರಿ ಕೂಗಿ ಹೇಳುತ್ತಿದ್ದೆ. ಪದಗಳನ್ನು ಸಾಲ ತಂದ ಮಾತ್ರಕ್ಕೆ ಭಾಷೆ ಪಿಜಿನ್ ಆಗುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುವ ದಾರಿ ಕಡಿದಿದೆಯೋ ಇಲ್ಲವೋ, ಅದನ್ನು ನೋಡಬೇಕು.

ಆ ವರ್ಷ ಪಾಠ ಮುಗಿಸಿ ಟೆಂಪೊ ಹತ್ತುವಾಗ ಆ ಹುಡುಗಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಕೂಸನ್ನು ಮಲಗಿಸುತ್ತಾರೋ ಇಲ್ಲವೋ ಎಂಬುದನ್ನು ನೋಡಬೇಕಾದರೆ ಮನೆಯೊಳಗೆ ಹೋಗಬೇಕಲ್ಲವೇ ಎಂದು. ಹೌದು, ಮತ್ತೇನು, ಎಂದೆ. ಒಳ್ಳೆಯ ಪ್ರಶ್ನೆ ಎಂದು ಬೆನ್ನು ತಟ್ಟಿದೆ. ಅವಳು ಯಾಕೆ ಕೇಳಿದಳು ಎಂದು ನನಗೆ ಹೊಳೆಯಲಿಲ್ಲ. ಅಷ್ಟು ದಪ್ಪ ಚರ್ಮ ನನ್ನದು.

ಎಂ.ಎ. ಮುಗಿಸಿ ಪಿಎಚ್.ಡಿ.ಗೆ ನನ್ನ ಹತ್ತಿರವೇ ಬಂದಳು. ಬಂದ ದಿನ ಕೈಯಲ್ಲಿ ನನ್ನ ಹಳೆಯ ಲೇಖನದ ಝೆರಾಕ್ಸ್ ಇತ್ತು, ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಇಪ್ಪತ್ತೈದು ವರ್ಷದ ಹಿಂದೆ ನಾನು ಬರೆದದ್ದು. ಖಾನಾಪುರದ ಕಾಡಂಚಿನ ಜನರ ಮಾತು ಒಂದು ಪಿಜಿನ್ ಎಂದು ತೋರಿಸಿದ ಲೇಖನ. ನನಗೆ ಹೆಸರು ತಂದುಕೊಟ್ಟದ್ದು, ಬಡ್ತಿ ತಂದುಕೊಟ್ಟದ್ದು, ನಮ್ಮ ಜಿಲ್ಲೆಯಲ್ಲಿ ಒಂದು ಪಿಜಿನ್ ಸಿಕ್ಕಿದೆ ಎಂದು ದೂರದ ಊರುಗಳ ಸಭೆಗಳಿಗೆ ನನ್ನನ್ನು ಕರೆಸಿದ್ದು ಅದೇ. ಅದರಲ್ಲಿ ಬರೆದ ಜನ ಅವಳ ಜನ. ಅದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ, ಅವಳಿಗೆ ಎಂ.ಎ. ಮೊದಲ ವರ್ಷದಿಂದಲೇ ಗೊತ್ತಿತ್ತು.

ಅವಳು ಕುರ್ಚಿಯ ಅಂಚಿನಲ್ಲಿ ಕುಳಿತು, ಝೆರಾಕ್ಸನ್ನು ಮೇಜಿನ ಮೇಲೆ ಇಟ್ಟಳು.

"ಮೇಡಂ, ಇದ್ರಾಗ ನೀವು ಬರದದ್ದು ಸುಳ್ಳಲ್ಲರಿ. ನಮ್ಮ ಮಂದಿ ಸಂತ್ಯಾಗ ಹಿಂಗ ಮಾತಾಡ್ತಾರ. ಆದ್ರ ನಮ್ಮ ಆಜಿ ಮನ್ಯಾಗ ಹಿಂಗ ಮಾತಾಡಂಗಿಲ್ಲರಿ."

ಮೊಬೈಲಿನಲ್ಲಿ ಒಂದು ಧ್ವನಿ ಕೇಳಿಸಿದಳು. ಅವಳ ಆಜಿ, ಎಂದರೆ ಅಜ್ಜಿ, ಮತ್ತು ಪಕ್ಕದ ಮನೆಯ ಇನ್ನೊಬ್ಬ ಮುದುಕಿ, ಇಬ್ಬರೂ ಒಲೆಯ ಮುಂದೆ ಕುಳಿತು ಕಳೆದುಹೋದ ಒಂದು ಎಮ್ಮೆಯ ಬಗ್ಗೆ ಮಾತಾಡುತ್ತಿದ್ದರು. ಇಬ್ಬರನ್ನೂ ಕೇಳಿಯೇ ಧ್ವನಿ ಮುದ್ರಿಸಿಕೊಂಡಿದ್ದಳಂತೆ. ನನ್ನ ಕಿವಿ ತರಬೇತಿ ಪಡೆದ ಕಿವಿ, ಎರಡು ನಿಮಿಷ ಸಾಕಿತ್ತು. ಗಂಡಸು ಬಂದರೆ 'ಆಯ್ಲೊ', ಹೆಂಗಸು ಬಂದರೆ 'ಆಯ್ಲಿ', ಕೂಸು ಬಂದರೆ 'ಆಯ್ಲೆಂ'. ಕಣ್ಣಾರೆ ಕಂಡ ಮಾತಿಗೆ ಒಂದು ಬಗೆ, ಯಾರೋ ಹೇಳಿದ್ದನ್ನು ಕೇಳಿದ ಮಾತಿಗೆ ಇನ್ನೊಂದು ಬಗೆ. ಕೊಂಕಣಿಯ ಕಡೆಯ ಒಂದು ಹಳೆಯ, ತುಂಬಿದ ಉಪಭಾಷೆ, ನಡುನಡುವೆ ನಮ್ಮ ಕನ್ನಡದ ಪದ ಬೆರೆತದ್ದು. ಇಪ್ಪತ್ತೈದು ವರ್ಷದ ಹಿಂದೆ ನಾನು ಬರೆದಿದ್ದ ವಾಕ್ಯಗಳಲ್ಲಿ ಗಂಡಿಗೂ ಹೆಣ್ಣಿಗೂ ನಿನ್ನೆಗೂ ನಾಳೆಗೂ ಕ್ರಿಯಾಪದ ಒಂದೇ: 'ಮೀ ನಿನ್ನಿ ಯೇ, ತೂ ಇಲ್ಲ.' ಅಂದರೆ ನಾನು ನಿನ್ನೆ ಬಂದಿದ್ದೆ, ನೀನು ಇರಲಿಲ್ಲ. ಎಂಥಾ ಚೆಂದದ ಪಿಜಿನ್ ವಾಕ್ಯ ಎಂದು ಅದನ್ನು ಎಷ್ಟು ಸಭೆಗಳಲ್ಲಿ ಬೋರ್ಡಿನ ಮೇಲೆ ಬರೆದಿದ್ದೆನೋ.

ತಪ್ಪಿದ್ದು ನಾನೇ ಎಂದು ಗೊತ್ತಾಯಿತು. ಆದರೆ ಬಾಯಿಗೆ ಬಂದದ್ದು ಸಿಟ್ಟು. ಇಬ್ಬರು ಮುದುಕಿಯರ ಎರಡು ನಿಮಿಷದ ಮಾತಿನಿಂದ ಏನೂ ಸಿದ್ಧವಾಗುವುದಿಲ್ಲ, ಇನ್ನಷ್ಟು ಸಾಮಗ್ರಿ ತಾ ಎಂದು ಅವಳನ್ನು ಕಳಿಸಿಬಿಟ್ಟೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಳಿತೆ.

ಆ ಲೇಖನ ಹೇಗೆ ಬರೆದೆ ಎಂಬುದನ್ನು ಹೇಳಲೇಬೇಕು. ನನ್ನ ಅಪ್ಪನದು ರವಿವಾರ ಪೇಟೆಯಲ್ಲಿ ಹೋಲ್‌ಸೇಲ್ ಕಿರಾಣಿ ಅಂಗಡಿ. ಖಾನಾಪುರದ ಒಬ್ಬ ಅಂಗಡಿಯವರು ಅಪ್ಪನ ಹಳೆಯ ಗಿರಾಕಿ. ಕಾಡಿನ ಕಡೆಯ ಜನರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು ಎಂದು ನಾನು ಹೇಳಿದಾಗ ಅವರು, ನೀವ್ಯಾಕೆ ಮಳೆಯಲ್ಲಿ ಅಷ್ಟು ದೂರ ನಡೆಯಬೇಕು, ಸಂತೆಯ ದಿನ ಅವರೇ ನಮ್ಮ ಅಂಗಡಿಗೆ ಬರುತ್ತಾರೆ, ಕಟ್ಟೆಯ ಮೇಲೆ ಕೂರಿಸುತ್ತೇನೆ, ಎಷ್ಟು ಬೇಕೋ ಮಾತಾಡಿಸಿಕೊಳ್ಳಿ ಎಂದರು. ನನಗೆ ಅದೇ ಬೇಕಾಗಿತ್ತು. ಜಾಂಬೋಟಿಯ ಆಚೆ ಆಗ ಬಸ್ಸು ಇರಲಿಲ್ಲ, ಆ ದಾರಿಯ ತುಂಬ ಜಿಗಣೆ. ಜಿಗಣೆ ಎಂದರೆ ನನಗೆ ಪ್ರಾಣಭಯ. ಭಾಷಾವಿಜ್ಞಾನದ ಇತಿಹಾಸದಲ್ಲಿ ಜಿಗಣೆಗೆ ಹೆದರಿ ಒಂದು ಭಾಷೆಯನ್ನೇ ಇಲ್ಲವಾಗಿಸಿದವಳು ನಾನೊಬ್ಬಳೇ ಇರಬೇಕು.

ಎಂಟು ಸಂತೆ ಆ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತೆ. ಅಂಗಡಿಯವರಿಗೆ ಆ ಜನರ ಮನೆಮಾತು ಬಾರದು, ಆ ಜನಕ್ಕೆ ಆಗ ಕನ್ನಡ ಬಾರದು, ಪೇಟೆಯ ಮರಾಠಿಯೂ ಅಷ್ಟಕ್ಕಷ್ಟೇ. ಬೆಣ್ಣೆಗೂ ಸೀಗೆಕಾಯಿಗೂ ಬೇಕಾದಷ್ಟು ಮಾತನ್ನು ಎರಡೂ ಕಡೆಯವರು ಸೇರಿ ಎಂದೋ ಹೊಲಿದುಕೊಂಡಿದ್ದರು. ಅದು ಪಿಜಿನ್ನೇ, ಸಂಶಯವಿಲ್ಲ. ಆದರೆ ನಾನು ಅವರಿಗೆ, ನಿಮ್ಮ ನಿಮ್ಮಲ್ಲಿ ಮಾತಾಡಿರಿ ಎಂದಾಗಲೂ ಅವರು ಅದನ್ನೇ ಆಡಿದರು. ಗಂಡ ಹೆಂಡತಿ ಎದುರುಬದುರು ಕುಳಿತು ಅದನ್ನೇ ಆಡಿದರು. ಮನೆಯಲ್ಲೂ ಹೀಗೇ ಮಾತಾಡುತ್ತೀರಾ ಎಂದು ಅಂಗಡಿಯವರ ಮೂಲಕ ಕೇಳಿಸಿದೆ. ಹೌದು ಹೌದು ಎಂದು ತಲೆಯಾಡಿಸಿದರು. ಅಷ್ಟಕ್ಕೆ ತೃಪ್ತಳಾಗಿ ಟೇಪನ್ನು ಚೀಲಕ್ಕೆ ಹಾಕಿಕೊಂಡೆ.

ಹುಡುಗಿ ಮುಂದೆ ಹೇಳಿದ್ದು ಇದು: ಹೊರಗಿನವರ ಎದುರಿಗೆ ಮನೆಮಾತು ಆಡುವುದು ಅವರಲ್ಲಿ ಮರ್ಯಾದೆಗೇಡು. ಯಾರಾದರೂ ಬೇರೆಯವರು ಕುಳಿತಿದ್ದಾಗ ಅವರಿಗೆ ತಿಳಿಯದ ಮಾತಾಡಿದರೆ, ಅವರನ್ನು ಬೈದಂತೆ. ಅದಕ್ಕಾಗಿ ಹೊರಗಿನವರ ಮುಂದೆ ತಮ್ಮತಮ್ಮಲ್ಲೂ ಸಂತೆಯ ಮಾತನ್ನೇ ಆಡುತ್ತಾರೆ. ಅಂದರೆ ಆ ಎಂಟು ಸಂತೆಯೂ ಅವರು ನನಗೆ ಮರ್ಯಾದೆ ಕೊಡುತ್ತ ಕುಳಿತಿದ್ದರು. ನಾನು ಅದನ್ನು ಅವರಿಗೆ ಬೇರೆ ಮಾತೇ ಇಲ್ಲವೆಂದು ಬರೆದುಕೊಂಡೆ.

ಇಷ್ಟು ಗೊತ್ತಾದ ಮೇಲೂ ನಾನು ಮಾಡಿದ್ದು ಏನು? ಹುಡುಗಿಯ ಸಂಶೋಧನಾ ಪ್ರಸ್ತಾವನೆ ಸಮಿತಿಯ ಮುಂದೆ ಬಂತು. ವಾಡಿಯ ಮನೆಮಾತು ಒಂದು ಪೂರ್ಣ ಉಪಭಾಷೆ, ಅದನ್ನು ಈಗಲೂ ದಿನವೂ ಆಡುವವರು ಇಬ್ಬರೇ ಮುದುಕಿಯರು, ಅವರಿಬ್ಬರ ಮಾತುಕತೆಯನ್ನು ಆದಷ್ಟು ಬೇಗ ಧ್ವನಿಮುದ್ರಿಸಿ ವ್ಯಾಕರಣ ಬರೆಯಬೇಕು, ಇದು ಅವಳ ಪ್ರಸ್ತಾವನೆ. ಒಳ್ಳೆಯ ಧ್ವನಿಮುದ್ರಣ ಯಂತ್ರ, ಓಡಾಟದ ಖರ್ಚು, ತಿಂಗಳ ಫೆಲೋಶಿಪ್ ಎಲ್ಲಾ ಆ ಒಪ್ಪಿಗೆಯ ಮೇಲೆ ನಿಂತಿತ್ತು. ಸಮಿತಿಯ ಹಿರಿಯರೊಬ್ಬರು ನನ್ನ ಲೇಖನವನ್ನೇ ಕೈಯಲ್ಲಿ ಹಿಡಿದುಕೊಂಡು, ನಿಮ್ಮ ಮಾರ್ಗದರ್ಶಕರೇ ಇದು ಪಿಜಿನ್ ಎಂದು ಸಿದ್ಧ ಮಾಡಿದ್ದಾರಲ್ಲ, ಯಾರ ತಾಯ್ನುಡಿಯೂ ಅಲ್ಲದ್ದಕ್ಕೆ ನೀವು ಹೇಗೆ ತಾಯ್ನುಡಿಯ ವ್ಯಾಕರಣ ಬರೆಯುತ್ತೀರಿ ಎಂದು ಕೇಳಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಟ್ಟು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಅದು ನನ್ನ ತಪ್ಪು, ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಇಷ್ಟೇ.

ನಾನು, "ವಿಷಯ ಇನ್ನಷ್ಟು ಪರಿಶೀಲನೆ ಆಗಬೇಕು" ಎಂದೆ. ಪ್ರಸ್ತಾವನೆಯನ್ನು ಮುಂದಿನ ಸಭೆಗೆ ಮುಂದೂಡಿದರು. ಮುಂದಿನ ಸಭೆ ಆರು ತಿಂಗಳಿಗೆ.

ಹೊರಗೆ ಬಂದ ಮೇಲೆ ಹುಡುಗಿ ನನ್ನ ಮೇಲೆ ರೇಗಲಿಲ್ಲ, ಅಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ರೇಗಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಆ ಆರು ತಿಂಗಳು ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ನಿದ್ದೆ ಚೆನ್ನಾಗಿಯೇ ಬಂತು. ಮನುಷ್ಯರು ತಮ್ಮ ಹೇಡಿತನಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ಬರೆಯಬೇಕು, ತಿದ್ದುಪಡಿ ಬರೆಯಬೇಕು ಎಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಪ್ರತಿ ವಾರ ಪರೀಕ್ಷೆಯ ಪೇಪರೋ, ನೆಂಟರ ಮನೆಯ ಕಾರ್ಯವೋ ಅಡ್ಡ ಬರುತ್ತಿತ್ತು.

ಒಂದು ದಿನ ಅವಳ ಫೋನು ಬಂತು. ಪಕ್ಕದ ಮನೆಯ ಮುದುಕಿ ತೀರಿಕೊಂಡಳು ಎಂದಳು. ಜ್ವರ ಬಂದಿತ್ತಂತೆ, ಮೂರು ದಿನಕ್ಕೆ ಮುಗಿಯಿತಂತೆ. ಮೊಬೈಲಿನಲ್ಲಿದ್ದ ಆ ಎಮ್ಮೆಯ ಮಾತು ಮತ್ತೆ ಅಲ್ಪಸ್ವಲ್ಪ ಬಿಟ್ಟರೆ ಇಬ್ಬರ ಮಾತುಕತೆ ಎಂಬುದು ಇನ್ನು ಸಿಗುವುದಿಲ್ಲ ಎಂದಳು. "ಈಗ ನಮ್ಮ ಆಜಿಗೆ ಉತ್ತರಾ ಕೊಡವ್ರು ಯಾರೂ ಇಲ್ಲರಿ, ಮೇಡಂ" ಎಂದಳು.

ನಿನಗೆ ಆ ಮಾತು ಬರುತ್ತದಲ್ಲ ಎಂದೆ. ತಿಳಿಯುತ್ತದೆ, ಆಡಲು ಬರುವುದಿಲ್ಲ ಎಂದಳು. ಅವಳ ಅವ್ವ ಅವಳೊಂದಿಗೆ ಒಂದು ದಿನವೂ ಮನೆಮಾತು ಆಡಲಿಲ್ಲವಂತೆ. ಅವ್ವನ ವಯಸ್ಸಿನವರೆಲ್ಲ ಆ ಮಾತು ಬಿಟ್ಟು ಎಷ್ಟೋ ವರ್ಷವಾಯಿತಂತೆ, ಆಜಿಯೊಡನೆಯೂ ಆಡುವುದಿಲ್ಲವಂತೆ. ಆಜಿಯ ಬೆನ್ನು ಹತ್ತಿ ದನ ಮೇಯಿಸಲು ಹೋಗುತ್ತಿದ್ದುದರಿಂದ ಕಿವಿಗೆ ಬಿದ್ದದ್ದಷ್ಟೇ. ಅವ್ವ ಯಾಕೆ ಆಡಲಿಲ್ಲ ಎಂದು ಕೇಳಿದೆ. ಸಾಲಿಯ ಮಾಸ್ತರರು ಬೇಡ ಎಂದಿದ್ದರು ಎಂದಳು. ಆ ಮಾಸ್ತರರು ಈಗ ಖಾನಾಪುರದಲ್ಲೇ ಇದ್ದಾರೆ, ಬೇಕಾದರೆ ಕೇಳಿರಿ ಎಂದಳು.

ಅದೇ ವಾರ ತಿದ್ದುಪಡಿ ಬರೆದೆ. ಒಂದೇ ಸಲಕ್ಕೆ ಕೂತು, ಮೂರು ಪುಟ. ಸಂತೆಯ ಮಾತನ್ನು ಮನೆಯ ಮಾತೆಂದು ತಿಳಿದೆ, ನನ್ನ ತೀರ್ಮಾನ ಪೂರ್ತಿ ತಪ್ಪು ಎಂದು ಬರೆದು ಪತ್ರಿಕೆಗೂ ಸಮಿತಿಗೂ ಕಳಿಸಿದೆ. ಒಂದು ಸಾವು ಆಗಬೇಕಾಯಿತು, ನನ್ನ ಪೆನ್ನು ಏಳಲು. ಸಮಿತಿ ಮುಂದಿನ ಸಭೆಯಲ್ಲಿ ಅವಳಿಗೆ ಒಪ್ಪಿಗೆ ಕೊಟ್ಟಿತು, ಕೆಲವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಕೇಳಿ ಮೈ ಉರಿದುಹೋಯಿತು.

ವಾಡಿಗೆ ಹೋಗುವ ದಿನ ಮೊದಲು ಖಾನಾಪುರದಲ್ಲಿ ಇಳಿದು ಆ ಮಾಸ್ತರರ ಮನೆಗೆ ಹೋದೆವು. ನಿವೃತ್ತರು, ಎಂಬತ್ತರ ಹತ್ತಿರ, ಬಲು ಸಂಭಾವಿತರು. ಬರ್ರಿ, ಕುಂದರ್ರಿ ಎಂದು ಪಡಸಾಲೆಯಲ್ಲಿ ಕೂರಿಸಿ ಚಹಾ ತರಿಸಿದರು. ನನ್ನನ್ನು ನೋಡಿದೊಡನೆ ಗುರುತು ಹಿಡಿದರು. ನನಗೆ ಅವರ ಮುಖ ನೆನಪಿರಲಿಲ್ಲ. ಲೇಖನ ಬಂದ ಹೊಸತರಲ್ಲಿ ಖಾನಾಪುರದಲ್ಲಿ ಶಿಕ್ಷಕರ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು, ಅಲ್ಲಿ ಒಂದು ಗಂಟೆ ಮಾತಾಡಿದ್ದೆ. ಅವರು ಮೊದಲ ಸಾಲಿನಲ್ಲಿ ಕುಳಿತು ನೋಟ್ಸ್ ಬರೆದುಕೊಂಡಿದ್ದರಂತೆ.

ಹುಡುಗಿಯ ಅವ್ವನಂಥವರಿಗೆ ಮನೆಮಾತು ಬಿಡಿ ಎಂದು ಯಾಕೆ ಹೇಳಿದಿರಿ ಎಂದು ನಾನೇ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು.

"ನೀವ ಹೇಳಿದ್ರಲ್ಲರಿ ಮೇಡಮ್ಮಾರ. ಈ ಮಂದಿ ಆಡೂದು ಪಿಜಿನ್ ಅದ, ಪಿಜಿನ್ ಯಾರ ತಾಯ್ನುಡಿನೂ ಅಲ್ಲ ಅಂತ. ನಾ ಬರಕೊಂಡೇನಿ. ಅಯ್ಯ ಪಾಪ, ತಾಯಿಮಾತ ಇಲ್ಲದ ಕೂಸುಗಳು ಅಂತ ನನಗ ಭಾಳ ಕೆಟ್ಟ ಅನಿಸ್ತರಿ. ಮನಿ ಮನಿಗೆ ಹೋಗಿ ಹೇಳಿದೆ, ನಿಮ್ಮ ಕಲಬೆರಕಿ ಮಾತ ಬಿಡ್ರಿ, ಮಕ್ಕಳ ಜೋಡಿ ಕನ್ನಡ ಮಾತಾಡ್ರಿ ಅಂತ."

ಅವರು ಕೆಟ್ಟವರಲ್ಲ. ಮಳೆಯಲ್ಲಿ ಕೊಡೆ ಹಿಡಿದು ಆ ಜಿಗಣೆಯ ದಾರಿಯಲ್ಲೇ ನಡೆದು ಮನೆಮನೆಗೆ ಹೋಗಿದ್ದರು. ನಾನು ಹೋಗಬೇಕಾಗಿದ್ದ ದಾರಿಯಲ್ಲಿ ನನ್ನ ತಪ್ಪನ್ನು ಹೊತ್ತುಕೊಂಡು ಅವರು ಹೋದರು. ಯಾರ ತಾಯ್ನುಡಿಯೂ ಅಲ್ಲ ಎಂಬ ಮಾತಿಗೆ ಒಂದು ಪಾರಿಭಾಷಿಕ ಅರ್ಥವಿರುತ್ತದೆ, ಅದು ಮಕ್ಕಳಿಗೆ ತಾಯ್ನುಡಿ ಇಲ್ಲ ಎಂದಲ್ಲ, ಪಿಜಿನ್ ಆಡುವ ಯಾರಿಗೇ ಆದರೂ ಮನೆಯಲ್ಲಿ ಬೇರೆ ತಾಯ್ನುಡಿ ಇದ್ದೇ ಇರುತ್ತದೆ ಎಂದು ವಿವರಿಸಲು ಶುರು ಮಾಡಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಆ ಮಾತನ್ನು ನಾನಾದರೂ ನೆನಪಿಟ್ಟಿದ್ದರೆ ಆವತ್ತೇ ಕಟ್ಟೆ ಬಿಟ್ಟು ಎದ್ದು, ಹಾಗಾದರೆ ಇವರ ಮನೆಯ ಮಾತು ಯಾವುದು ಎಂದು ಹುಡುಕಿಕೊಂಡು ಹೋಗುತ್ತಿದ್ದೆ. ಚಹಾ ತಣ್ಣಗಾಗಿತ್ತು. ಮಾಸ್ತರರು ತಲೆ ತಗ್ಗಿಸಿ, ಹಂಗಾರ ತಪ್ಪಾತೇನರಿ ಎಂದು ಎರಡು ಸಲ ಕೇಳಿದರು. ನಿಮ್ಮದಲ್ಲ, ನನ್ನದು ಎಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಜೀಪಿನಲ್ಲಿ ಕುಳಿತ ಮೇಲೆ ನನಗೆ ಒಂದು ಯೋಚನೆ ಬಂತು. ಆಗ ಆ ತಾಯಂದಿರಿಗೆ ಕನ್ನಡ ಬರುತ್ತಿರಲಿಲ್ಲ. ಮನೆಮಾತು ಬಿಡಿ, ಕನ್ನಡ ಆಡಿ ಎಂದರೆ ಅವರು ಮಕ್ಕಳೊಂದಿಗೆ ಆಡಿದ್ದು ಏನು? ಹುಡುಗಿಯನ್ನು ಕೇಳಿದೆ. ಕಿಟಕಿಯ ಆಚೆ ನೋಡುತ್ತ, ಅವ್ವನಿಗೆ ಬರುತ್ತಿದ್ದುದು ಸಂತೆಯ ಮಾತು, ಅದನ್ನೇ ಅವಳು ಕನ್ನಡ ಎಂದು ತಿಳಿದಿದ್ದಳು ಎಂದಳು. ವಾಡಿಯ ಎಲ್ಲಾ ತಾಯಂದಿರೂ ಹಾಗೆಯೇ. ಅದರಲ್ಲೇ ಬೆಳೆದ ಮಕ್ಕಳು ಈಗ ಆಡುವುದು ಏನು ಎಂದು ಕೇಳಲು ಭಯವಾಯಿತು.

ವಾಡಿ ತಲುಪುವ ಹೊತ್ತಿಗೆ ಮಧ್ಯಾಹ್ನ. ಮಳೆ ನಿಂತಿತ್ತು, ಗದ್ದೆಯಲ್ಲಿ ಇಬ್ಬರು ಮೂವರು ಸಸಿ ನೆಡುತ್ತಿದ್ದರು. ಆಜಿ ಅಂಗಳದ ಕಟ್ಟಿಗೆ ರಾಶಿಯ ಪಕ್ಕ ಕುಳಿತು ಸೀಗೆಕಾಯಿ ಬಿಡಿಸುತ್ತಿದ್ದಳು. ಸಣ್ಣ ಮೈ, ಚುರುಕು ಕಣ್ಣು. ಅವಳ ಸುತ್ತ ಹುಡುಗಿಯ ಅಣ್ಣನ ಮಗಳು, ಆರು ವರ್ಷದ ಪೋರಿ, ಕೋಳಿ ಅಟ್ಟಿಸಿಕೊಂಡು ಓಡಾಡುತ್ತಿತ್ತು. ನಾವು ಇನ್ನೂ ಬೇಲಿಯ ಆಚೆ ಇದ್ದೆವು, ಅವರು ನಮ್ಮನ್ನು ನೋಡಿರಲಿಲ್ಲ. ಆಜಿ ತನ್ನಷ್ಟಕ್ಕೆ ತಾನೇ ಏನೋ ಮಾತಾಡಿಕೊಳ್ಳುತ್ತಿದ್ದಳು. ಅದು ಮನೆಮಾತು. ಸೀಗೆಕಾಯಿಗೆ ಹೇಳುತ್ತಿದ್ದಳೋ, ತೀರಿಕೊಂಡ ಗೆಳತಿಗೆ ಹೇಳುತ್ತಿದ್ದಳೋ, ಉದ್ದುದ್ದ ವಾಕ್ಯಗಳು, ಕೊನೆಯಲ್ಲಿ ಪ್ರಶ್ನೆ, ಆಮೇಲೆ ಉತ್ತರಕ್ಕೆ ಕಾದಂತೆ ಸ್ವಲ್ಪ ನಿಲ್ಲುವುದು. ನನ್ನ ಜೊತೆ ಇದ್ದ ಹುಡುಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ನಾವು ಮುಂದೆ ಹೋದರೆ ಅದು ನಿಂತುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಪೋರಿ ಆಜಿಯ ಬಳಿ ಬಂತು. ಆಜಿ ಮಾತು ನಿಲ್ಲಿಸಿ, ದನಿ ಬದಲಿಸಿ, ಅದಕ್ಕೆ ಕೈ ಸನ್ನೆ ಮಾಡಿ ನಿಧಾನವಾಗಿ ಹೇಳಿದಳು:

"ತೂ ಯೇ. ಜೇವ್."

ಬಾ, ಊಟ ಮಾಡು. ಮೂರೇ ಪದ, ಬಿಡಿಬಿಡಿಯಾಗಿ. ಆ ದನಿ ನನಗೆ ಗುರುತಿತ್ತು. ಎಂಟು ಸಂತೆ ನನ್ನ ಟೇಪಿನಲ್ಲಿ ತುಂಬಿಕೊಂಡ ಸಂತೆಯ ಮಾತಿನ ದನಿ.

"ಮೀ ಜೇವ್‌ಮ್ಗಿ. ಕೋಂಬಡಿ ಪಳ್‌ಮ್ಗಿ" ಎಂದು ಪೋರಿ ಪಟಪಟನೆ ಹೇಳಿ ಮತ್ತೆ ಓಡಿತು.

ಆಜಿ ತಲೆ ಎತ್ತಿ ಅದು ಹೋದ ಕಡೆಯೇ ನೋಡಿದಳು. ಅವಳಿಗೆ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಯಿತು. ನಾನು ಊಟ ಮಾಡಿಯಾಯಿತು, ಕೋಳಿ ಓಡಿಹೋಯಿತು. ಸಂತೆಯಲ್ಲಿ ಸರಕು ತೀರಿದಾಗ ಹೇಳುವ 'ಮುಗಿ' ಎಂಬ ನಮ್ಮ ಕನ್ನಡದ ಪದವನ್ನು ಈ ವಾಡಿಯ ಮಕ್ಕಳು ಸವೆಸಿ, ಕಿರಿದು ಮಾಡಿ, ಪ್ರತಿ ಕ್ರಿಯಾಪದದ ಬಾಲಕ್ಕೆ ಅಂಟಿಸಿಬಿಟ್ಟಿದ್ದರು. ಆಗಿಹೋದದ್ದಕ್ಕೆ ಅದೇ ಗುರುತು, ತಪ್ಪದೆ, ಎಲ್ಲದಕ್ಕೂ. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಖಾನಾಪುರದ ಅಂಗಡಿಯವರು ಹೀಗೆ ಆಡುತ್ತಿರಲಿಲ್ಲ, ಮನೆಮಾತು ಬಿಟ್ಟ ಆ ತಾಯಂದಿರೂ ಹೀಗೆ ಆಡುತ್ತಿರಲಿಲ್ಲ. ಅರೆಬರೆ ಮಾತನ್ನು ಕೈಗಿಟ್ಟರೆ ಮಕ್ಕಳು ಅದನ್ನು ಪೂರ್ತಿ ಮಾಡಿಕೊಳ್ಳುತ್ತಾರೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ನನ್ನ ಬದುಕಿನಲ್ಲಿ ಅದನ್ನು ಕಿವಿಯಾರೆ ಕೇಳುತ್ತೇನೆ ಎಂದು ಅಂದುಕೊಂಡಿರಲಿಲ್ಲ. ಬೇರೆ ಯಾವ ವಾಡಿಯಲ್ಲಿ ಕೇಳಿದ್ದರೂ ಕುಣಿದಾಡುತ್ತಿದ್ದೆ.

ಹುಡುಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು.

"ಆಜಿದು ಉಪಭಾಷಾ ಅಂತ ಬರೀತೇನ್ರಿ. ಅವ್ವಂದು ಪಿಜಿನ್. ಈ ಕೂಸಿಂದಕ್ಕ ಏನಂತ ಬರೀಲಿ, ಮೇಡಂ?"

ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ಆಟೋ ನಗರದಲ್ಲಿ ಅವಳಿಗೆ ಹೇಳಿಕೊಟ್ಟವಳು ನಾನೇ. ಈ ಮಕ್ಕಳು ಸಾಲಿಗೆ ಹೋಗುತ್ತಾರೆ, ನಾಲ್ಕು ವರ್ಷದಲ್ಲಿ ಕನ್ನಡವೋ ಮರಾಠಿಯೋ ಇದನ್ನು ತೊಳೆದುಕೊಂಡು ಹೋಗಬಹುದು, ಇಷ್ಟು ಬೇಗ ಹೆಸರಿಡಬಾರದು ಎಂದು ಹೇಳಬಹುದಾಗಿತ್ತು. ಅದು ನಿಜವೂ ಹೌದು. ಆದರೆ ಹೆಸರಿಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ನೀನೇ ಕೇಳಿಸಿಕೋ, ನೀನೇ ಬರೆ, ನನ್ನನ್ನು ಕೇಳಬೇಡ ಎಂದೆ. ಅವಳು ತಲೆಯಾಡಿಸಿ ಬೇಲಿಯ ಗೇಟು ಸರಿಸಿದಳು.

ಸದ್ದಿಗೆ ಆಜಿ ನಮ್ಮನ್ನು ನೋಡಿದಳು. ಮೊಮ್ಮಗಳನ್ನು ಕಂಡು ಮುಖ ಅರಳಿತು, ಪಕ್ಕದಲ್ಲಿ ಹೊರಗಿನವಳಾದ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. ಸೀಗೆಕಾಯಿಯ ಮೊರ ಬದಿಗಿಟ್ಟು, ಮಣೆ ಮುಂದೆ ತಳ್ಳಿ, ನನಗೆ ಮರ್ಯಾದೆಯಿಂದ, ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದಳು:

"ತೂ ಯೇ. ಜೇವ್."

ಮರಿಮಗಳಿಗೆ ಹೇಳಿದ ಅದೇ ಮೂರು ಪದ, ಅದೇ ದನಿ. ಆ ಮನೆಯಲ್ಲಿ ನಾನೆಷ್ಟು ಹೊರಗಿನವಳೋ ಆ ಕೂಸೂ ಅಷ್ಟೇ ಹೊರಗಿನದಾಗಿತ್ತು. ನಾನು ಕುಳಿತು ಅವಳು ಬಡಿಸಿದ್ದನ್ನು ಉಂಡೆ.